ಜಾಮೀನು ಪತ್ರವನ್ನು ಎರಡು ಪುಟಕ್ಕೆ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಪು ಕಡೆಯ ಒಂದು ಪಂಚಾಯತ್ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಸಂಜೆ ಕೂತು, ನಿಧಾನ ಓದುವವರು ತರುವ ಉದ್ದದ ಕಾಗದಪತ್ರಗಳನ್ನು, ಅವುಗಳಲ್ಲಿ ಇಲ್ಲದ್ದೇನನ್ನೂ ಸೇರಿಸದೆ, ಸರಳ ಕನ್ನಡದಲ್ಲಿ ಚಿಕ್ಕದಾಗಿ ಬರೆದುಕೊಡುತ್ತೇನೆ. ಅದಕ್ಕೂ ಮೊದಲು ಬಹಳ ವರ್ಷ ದಸ್ತಾವೇಜು ಬರೆಯುವವರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಹಾಗಾಗಿ ಈಗ ಬಿಡಿಸುತ್ತಿರುವ ಗಂಟುಗಳಲ್ಲಿ ಕೆಲವನ್ನು ಕಟ್ಟಿದವಳೂ ನಾನೇ. ಬಂದವರು ಕೇಳಿದ್ದು, ಈ ಕೆಲಸ ಕಲಿಯಲು ಬಂದ ಹುಡುಗಿಯರು ಕೇಳಿದ್ದು, ಚೀಟಿಯಲ್ಲಿ ಬರೆದು ಕಳಿಸಿದ್ದು, ಎಲ್ಲವನ್ನೂ ಒಂದು ಕಡೆ ಸೇರಿಸಿದ್ದೇನೆ. ಉದಾಹರಣೆ ಮಾತ್ರ ಒಂದೇ: ಸಹಕಾರಿ ಸಂಘದ ಸಾಲಕ್ಕೆ ಜಾಮೀನು ನಿಲ್ಲುವವರು ಸಹಿ ಹಾಕುವ ಪತ್ರ. ನಮ್ಮ ಜಿಲ್ಲೆಯಲ್ಲಿ ಓದದೆ ಸಹಿ ಹಾಕುವ ಕಾಗದಗಳಲ್ಲಿ ಅದಕ್ಕೇ ಮೊದಲ ಸ್ಥಾನ ಎಂದು ನನ್ನ ಅಂದಾಜು.

## ಮೊದಲಿಗೆ

ನಿಧಾನ ಓದುವವರು ಅಂದ್ರೆ ಓದು ಬಾರದವರಾ?

ಅಲ್ಲ. ಓದು ಬಾರದವರಿಗೆ ಬಾಯಲ್ಲೇ ಹೇಳಬೇಕು, ಬರೆದುಕೊಟ್ಟು ಪ್ರಯೋಜನವಿಲ್ಲ. ನಾನು ಹೇಳುವುದು ಐದನೆಯೋ ಏಳನೆಯೋ ಕ್ಲಾಸಿಗೆ ಶಾಲೆ ಬಿಟ್ಟು, ಬೀಡಿ ಸುತ್ತುತ್ತಲೋ ಮೀನು ಮಾರುತ್ತಲೋ ಮೂವತ್ತು ವರ್ಷ ಕಳೆದವರ ಬಗ್ಗೆ. ಬಸ್ಸಿನ ಬೋರ್ಡು, ಮದುವೆ ಕಾಗದ, ರೇಷನ್ ಅಂಗಡಿಯ ನೋಟೀಸು ಇವೆಲ್ಲ ಅವರಿಗೆ ಸಲೀಸು. ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯ ಭಾಷೆ. ಆ ಶಾಲೆ ಬಿಟ್ಟು ಕಾಲವಾಯಿತು.

ಅವರು ಪದ ಪದವನ್ನು ಕೂಡಿಸಿಕೊಂಡು ಓದುತ್ತಾರೆ. ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಮೂವತ್ತು ಪದಗಳ ವಾಕ್ಯದಲ್ಲಿ ಯಾರು, ಯಾರಿಂದ, ಯಾವಾಗ ಎಂಬುದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ಕೊನೆಯ ಪದದವರೆಗೆ ನಡೆಯಬೇಕು. ಬೇಗ ಓದುವವರಿಗೆ ಹತ್ತು ಸೆಕೆಂಡಿನ ಹೊರೆ. ಇವರಿಗೆ ಒಂದು ನಿಮಿಷದ್ದು. ಕ್ರಿಯಾಪದ ಸಿಗುವ ಹೊತ್ತಿಗೆ ಕರ್ತೃ ಕೈಬಿಟ್ಟು ಹೋಗಿರುತ್ತದೆ. ಬುದ್ಧಿ ಕಡಿಮೆಯಾಗಿ ಹೀಗಾಗುವುದಲ್ಲ. ಇದೇ ಹೆಂಗಸರು ಸಾವಿರ ಬೀಡಿಗೆ ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು, ಎಷ್ಟು ಕಡಿತ ಎಂಬುದನ್ನು ಬಾಯಲ್ಲೇ ಲೆಕ್ಕ ಹಾಕುತ್ತಾರೆ.

ಎದುರು ಕೂತು ಬಾಯಲ್ಲಿ ಹೇಳಿದ್ರೆ ಸಾಕಲ್ವಾ, ಬರೆಯುದು ಯಾಕೆ?

ಹೇಳುತ್ತೇನೆ ಕೂಡ. ಆದರೆ ಹೇಳಿದ್ದು ಮನೆಗೆ ಹೋಗುವಾಗ ಅರ್ಧವಾಗುತ್ತದೆ. ಮನೆಯಲ್ಲಿ ಮಗನೋ ಗಂಡನೋ "ಅವರು ಎಂತ ಹೇಳಿದ್ದು?" ಎಂದು ಕೇಳಿದಾಗ ಉಳಿದರ್ಧಕ್ಕೂ ಬೇರೆ ಬಣ್ಣ ಬರುತ್ತದೆ. ಬರೆದದ್ದಾದರೆ ರಾತ್ರಿ ಇನ್ನೊಮ್ಮೆ ಓದಬಹುದು, ಬೆರಳಿಟ್ಟು ತೋರಿಸಬಹುದು. ಇನ್ನೊಂದು ಕಾರಣ ನನ್ನದೇ ದೋಷ. ಮಾತಾಡುವಾಗ ಪತ್ರದಲ್ಲಿ ಇದ್ದದ್ದರ ಜೊತೆ ನನ್ನ ಅಭಿಪ್ರಾಯವೂ ಸೇರಿ ಹೋಗುತ್ತದೆ, ಯಾವುದು ಯಾವುದೆಂದು ಕೇಳಿದವರಿಗೆ ತಿಳಿಯುವುದಿಲ್ಲ. ಬರೆಯುವಾಗ ನನಗೆ ಕಡಿವಾಣವಿರುತ್ತದೆ.

ಸಾರಾಂಶ ಅಂದ್ರೆ ನಾಲ್ಕು ಸಾಲು. ನೀವು ಎರಡು ಪುಟ ಬರೀತೀರಲ್ಲ?

ಶಾಲೆಯಲ್ಲಿ ಬರೆಸುತ್ತಿದ್ದ ಸಾರಾಂಶ ಬೇರೆ. ಅಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಅಂಕ. ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮಾತು ಮತ್ತೆ ಮತ್ತೆ ಬಂದಲ್ಲಿ ಪತ್ರ ಕುಗ್ಗುತ್ತದೆ, ಒಂದು ವಾಕ್ಯವನ್ನು ಏಳೆಂಟಾಗಿ ಒಡೆದಲ್ಲಿ ಹಿಗ್ಗುತ್ತದೆ. ಒಂಬತ್ತು ಪುಟದ ಜಾಮೀನು ಪತ್ರ ನನ್ನ ಕೈಯಲ್ಲಿ ಸಾಮಾನ್ಯವಾಗಿ ದೊಡ್ಡ ಅಕ್ಷರದ ಎರಡು ಪುಟಕ್ಕೆ ಬರುತ್ತದೆ. ಒಂದೇ ಪುಟಕ್ಕೆ ತರಲು ಹೋದಾಗಲೆಲ್ಲ ಯಾವುದೋ ಒಂದು "ಆದರೆ" ಕಳೆದುಹೋಗಿದೆ.

ಒಂಬತ್ತು ಪುಟ ಕೈಯಲ್ಲಿ ಹಿಡ್ಕೊಂಡು ಎಲ್ಲಿಂದ ಶುರು ಮಾಡುದು?

ಪೆನ್ಸಿಲಿನಿಂದ. ಮೊದಲು ಪ್ರತಿ ಕಲಮಿಗೂ ನಂಬರು ಹಾಕಿ. ಪತ್ರದಲ್ಲೇ ನಂಬರಿದ್ದರೂ ಒಂದೇ ಕಲಮಿನೊಳಗೆ ಎರಡು ಮೂರು ವಿಷಯ ತುರುಕಿದ್ದರೆ 7-ಅ, 7-ಆ ಎಂದು ಒಡೆಯಿರಿ. ಆಮೇಲೆ ಏನೂ ಬರೆಯದೆ ಒಮ್ಮೆ ಪೂರ್ತಿ ಓದಿ. ಕೊನೆಯ ಪುಟದಲ್ಲಿರುವ ಒಂದು ವಾಕ್ಯ ಎರಡನೇ ಪುಟದ ಅರ್ಥವನ್ನೇ ಬದಲಿಸುವುದುಂಟು. ಓದುತ್ತಾ ಓದುತ್ತಾ ಬರೆದುಕೊಂಡು ಹೋದವರಿಗೆ ಅದು ತಡವಾಗಿ ಗೊತ್ತಾಗುತ್ತದೆ.

ಎರಡನೇ ಸಲ ಓದುವಾಗ ಪ್ರತಿ ಕಲಮಿನ ಪಕ್ಕದ ಖಾಲಿ ಜಾಗದಲ್ಲಿ ನಾಲ್ಕನ್ನು ಗುರುತು ಮಾಡಿ: ಯಾರು, ಏನು ಮಾಡಬೇಕು ಅಥವಾ ಮಾಡಬಹುದು, ಯಾವಾಗ, ಮಾಡದಿದ್ದರೆ ಏನು. ನಾಲ್ಕರಲ್ಲಿ ಒಂದಕ್ಕೂ ಉತ್ತರ ಕೊಡದ ಕಲಮು ಸಾರಾಂಶಕ್ಕೆ ಬಾರದಿದ್ದರೂ ನಡೆಯುತ್ತದೆ. ಎರಡು ಕಲಮುಗಳು ಅದೇ ನಾಲ್ಕು ಉತ್ತರ ಕೊಟ್ಟರೆ ಅವು ಒಂದೇ. ಇಷ್ಟಾದ ಮೇಲೆ ಮೂಲದ ಸಾಲುಗಳನ್ನು ಒಂದು ಹಾಳೆಯಿಂದ ಮುಚ್ಚಿ, ಪಕ್ಕದ ಗುರುತು ಮಾತ್ರ ನೋಡಿ ಬರೆಯಿರಿ. ಮೂಲದ ವಾಕ್ಯ ಕಣ್ಣ ಮುಂದೆ ಇದ್ದರೆ ಕೈ ಅದನ್ನೇ ನಕಲು ಮಾಡುತ್ತದೆ. ಟೈಪಿಸ್ಟ್ ಆಗಿದ್ದವಳ ಅನುಭವ ಇದು.

## ವಾಕ್ಯ ಮತ್ತು ಪದ

ಹೇಳಿದ್ದು ಅರ್ಥ ಆಯ್ತು, ಒಂದು ವಾಕ್ಯ ತೆಗೊಂಡು ಮಾಡಿ ತೋರಿಸಿ.

ಜಾಮೀನು ಪತ್ರದ ಹೃದಯ ಎನ್ನಬಹುದಾದ ಕಲಮು ಹೆಚ್ಚುಕಮ್ಮಿ ಈ ಧಾಟಿಯಲ್ಲಿರುತ್ತದೆ:

"ಸದರಿ ಸಾಲಗಾರರು ಸಾಲದ ಅಸಲು, ಬಡ್ಡಿ, ಸುಸ್ತಿ ಬಡ್ಡಿ ಹಾಗೂ ಇತರ ಖರ್ಚುವೆಚ್ಚಗಳನ್ನು ನಿಗದಿತ ವಾಯಿದೆಯೊಳಗೆ ಮರುಪಾವತಿಸಲು ತಪ್ಪಿದಲ್ಲಿ, ಸಂಘವು ಸಾಲಗಾರರ ವಿರುದ್ಧ ಮೊದಲಾಗಿ ಕ್ರಮ ಜರುಗಿಸತಕ್ಕದ್ದೆಂಬ ನಿರ್ಬಂಧವಿಲ್ಲದೆ, ಜಾಮೀನುದಾರರಾದ ನಮ್ಮಿಂದ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ, ನಮ್ಮ ಚರ ಮತ್ತು ಸ್ಥಿರ ಸ್ವತ್ತುಗಳಿಂದ, ಸದರಿ ಸಂಪೂರ್ಣ ಬಾಕಿಯನ್ನು ವಸೂಲು ಮಾಡಿಕೊಳ್ಳಬಹುದಾಗಿರುತ್ತದೆ."

ಮೂವತ್ತೈದು ಪದ, ಒಂದೇ ಪೂರ್ಣವಿರಾಮ. ನಾನು ಬರೆದುಕೊಡುವುದು ಹೀಗೆ:

ಸಾಲ ಪಡೆದವರು ವಾಯಿದೆಯೊಳಗೆ ಕಟ್ಟದಿದ್ದರೆ ಏನಾಗುತ್ತದೆ?
ಸಂಘ ಜಾಮೀನು ನಿಂತವರಿಂದ ವಸೂಲು ಮಾಡಬಹುದು.
ಮೊದಲು ಸಾಲ ಪಡೆದವರ ಮೇಲೆ ಕ್ರಮ ತೆಗೆದುಕೊಳ್ಳಲೇಬೇಕು ಎಂದಿಲ್ಲ.
ಜಾಮೀನು ನಿಂತವರು ಇಬ್ಬರು.
ಇಬ್ಬರಿಂದ ಸೇರಿಸಿ ವಸೂಲು ಮಾಡಬಹುದು.
ಒಬ್ಬರಿಂದಲೇ ಪೂರ್ತಿ ವಸೂಲು ಮಾಡಬಹುದು.
ಪೂರ್ತಿ ಎಂದರೆ ಅಸಲು, ಬಡ್ಡಿ, ಸುಸ್ತಿ ಬಡ್ಡಿ, ಇತರ ಖರ್ಚು.
ಜಾಮೀನು ನಿಂತವರ ಆಸ್ತಿಯಿಂದ ವಸೂಲು ಮಾಡಬಹುದು.
ಚರ ಆಸ್ತಿ, ಸ್ಥಿರ ಆಸ್ತಿ ಎರಡರಿಂದಲೂ ಮಾಡಬಹುದು.

ಮೂವತ್ತೈದು ಪದ ನಲವತ್ತೇಳಾಯಿತು. ಈ ಕಲಮು ಹಿಗ್ಗಿದ್ದು ಸರಿಯೇ, ಪತ್ರದ ಭಾರವೆಲ್ಲ ಇಲ್ಲೇ ಇದೆ.

ಮಾಡಿದ್ದೇನು ನೋಡಿ. "ತಪ್ಪಿದಲ್ಲಿ" ಎಂಬ ಷರತ್ತನ್ನು ಪ್ರಶ್ನೆಯಾಗಿ ಮೇಲೆ ತಂದೆ. ಷರತ್ತು ವಾಕ್ಯದ ಹೊಟ್ಟೆಯೊಳಗೆ ಇದ್ದರೆ, ಕಟ್ಟಿದರೂ ಕಟ್ಟದಿದ್ದರೂ ಜಾಮೀನುದಾರರಿಂದ ಹಣ ಕೇಳುತ್ತಾರೆ ಎಂದು ಓದಿಕೊಳ್ಳುವವರಿದ್ದಾರೆ. ಪ್ರಶ್ನೆಯಾಗಿ ನಿಂತರೆ ಕೆಳಗಿನ ಎಲ್ಲ ಸಾಲೂ ಅದರ ನೆರಳಲ್ಲೇ ಇರುತ್ತದೆ.

"ಜಾಮೀನು ನಿಂತವರು ಇಬ್ಬರು" ಎಂಬ ಸಾಲು ಈ ಕಲಮಿನಲ್ಲಿ ಇಲ್ಲ. ಅದು ಮೊದಲ ಪುಟದಿಂದ ಬಂತು. ಅಲ್ಲಿ ಎರಡು ಹೆಸರಿತ್ತು. ನಮ್ಮ ಭಾಷೆಯಲ್ಲಿ ಗೌರವಕ್ಕೂ ಬಹುವಚನ, ಲೆಕ್ಕಕ್ಕೂ ಬಹುವಚನ. "ಜಾಮೀನುದಾರರು" ಎಂದರೆ ಒಬ್ಬರೋ ನಾಲ್ವರೋ ತಿಳಿಯದು. "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ" ಎಂಬುದು ಅರ್ಥವಾಗಬೇಕಾದರೆ ಎಷ್ಟು ಜನ ಎಂಬುದು ಮೊದಲು ಗೊತ್ತಿರಬೇಕು. ಪತ್ರದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಯ್ದರೆ ಅದು ಸೇರಿಸಿದಂತಲ್ಲ. ಹೊರಗಿನಿಂದ ತಂದರೆ ಮಾತ್ರ ಸೇರಿಸಿದಂತೆ.

"ನಮ್ಮಿಂದ" ಎಂಬುದನ್ನು "ನಿಮ್ಮಿಂದ" ಎಂದು ಬರೆಯಬಹುದಿತ್ತು, ಓದಲು ಇನ್ನೂ ಹತ್ತಿರವಾಗುತ್ತಿತ್ತು. ಆದರೆ ಈ ಕಾಗದವನ್ನು ಸಾಲಗಾರನ ಹೆಂಡತಿಯೂ ಓದುತ್ತಾಳೆ. "ನಿಮ್ಮಿಂದ" ಎಂದರೆ ಆಗ ಯಾರಿಂದ?

ವಾಕ್ಯಕ್ಕೆ ಎಷ್ಟು ಪದ ಅಂತ ಲೆಕ್ಕ ಉಂಟಾ?

ನಾನು ಐದರಿಂದ ಎಂಟು ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನವರ ಲೆಕ್ಕ ನಮಗೆ ಹೊಂದುವುದಿಲ್ಲ. ಅವರ ಮೂರು ನಾಲ್ಕು ಪದ ನಮ್ಮಲ್ಲಿ ಒಂದೇ ಪದವಾಗಿ ಅಂಟಿಕೊಂಡಿರುತ್ತದೆ. "ಮಾಡಿಕೊಳ್ಳಬಹುದಾಗಿರುತ್ತದೆ" ಎಂಬುದನ್ನು ಒಂದು ಪದ ಎಂದು ಎಣಿಸಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಹಾಗಾಗಿ ಪದದ ಉದ್ದವನ್ನೂ ನೋಡಿ. ಗಟ್ಟಿಯಾಗಿ ಓದುವಾಗ ಪದದ ನಡುವೆ ಉಸಿರು ತಡೆದರೆ ಅದನ್ನು ಒಡೆಯಬೇಕು. ಸಂಧಿಯನ್ನು ಬಿಡಿಸಿ: "ಜರುಗಿಸತಕ್ಕದ್ದೆಂಬ" ಬೇಡ, "ಮಾಡಬೇಕು ಎಂಬ" ಸಾಕು.

ಒಂದು ಸಾಲಿಗೆ ಒಂದೇ ವಾಕ್ಯ. ವಾಕ್ಯ ಸಾಲಿನ ಅಂಚಿಗೆ ತಾಗಿ ಕೆಳಗೆ ಮಡಿಸಿಕೊಳ್ಳಬಾರದು. ಅಕ್ಷರ ಹದಿನಾರು ಪಾಯಿಂಟಿಗಿಂತ ಚಿಕ್ಕದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ಅಂಟಿದಂತೆ ಕಾಣುತ್ತವೆ.

ಸದರಿ, ಸುಸ್ತಿ, ಅಸಲು... ಯಾವುದನ್ನು ಇಡುದು, ಯಾವುದನ್ನು ಬಿಡುದು?

"ಸದರಿ", "ಮೇಲ್ಕಂಡ", "ಈ ಮೂಲಕ" ಇವನ್ನು ಕಣ್ಣು ಮುಚ್ಚಿ ಬಿಡಿ. ನಾನು ಬದುಕಿನಲ್ಲಿ ಎಷ್ಟು ಸಾವಿರ "ಸದರಿ" ಟೈಪ್ ಮಾಡಿದ್ದೇನೋ, ಒಂದನ್ನು ತೆಗೆದರೂ ಯಾವ ಪತ್ರವೂ ಬೀಳುತ್ತಿರಲಿಲ್ಲ.

ಆದರೆ ಹಳೆಯ ಪದವೆಲ್ಲ ಕಷ್ಟದ ಪದವಲ್ಲ. ಅಸಲು, ಬಡ್ಡಿ, ಕಂತು, ವಾಯಿದೆ, ವಸೂಲಿ, ಜಾಮೀನು ಇವು ಪುಸ್ತಕದ ಪದಗಳಲ್ಲ, ಸಂತೆಯ ಪದಗಳು. ತುಳು ಮಾತಾಡುವವರ ಬಾಯಲ್ಲೂ ಇವೇ ಇವೆ. ಕಲಿಯಲು ಬಂದ ಹುಡುಗಿಯೊಬ್ಬಳು "ಅಸಲು" ಹಳೆಯದಾಯಿತೆಂದು "ಮೂಲಧನ" ಎಂದು ಬರೆದಳು. ಓದಿದವರಿಗೆ ಅದು ಯಾರ ಧನವೆಂದೇ ತಿಳಿಯಲಿಲ್ಲ.

"ಸುಸ್ತಿ" ಮಾತ್ರ ತಮಾಷೆಯ ಪದ. ಸುಸ್ತು ಎಂದರೆ ಆಯಾಸ, ಎಲ್ಲರಿಗೂ ಗೊತ್ತು. "ಸುಸ್ತಿ ಬಡ್ಡಿ" ಎಂದರೆ ಬಡ್ಡಿಗೂ ಆಯಾಸವಾಯಿತಾ ಎಂದು ಒಬ್ಬರು ಕೇಳಿದ್ದರು. ಆದರೂ ಆ ಪದವನ್ನು ಉಳಿಸುತ್ತೇನೆ, ಏಕೆಂದರೆ ನಾಳೆ ಸಂಘದಿಂದ ಬರುವ ನೋಟೀಸಿನಲ್ಲಿ ಅದೇ ಪದವಿರುತ್ತದೆ. ಮೊದಲ ಸಲ ಬಂದಲ್ಲಿ ಮುಂದಿನ ಸಾಲಿನಲ್ಲೇ ಅರ್ಥ ಬರೆಯುತ್ತೇನೆ: "ಸುಸ್ತಿ ಬಡ್ಡಿ ಎಂದರೆ ವಾಯಿದೆ ದಾಟಿದ ಮೇಲೆ ಹಾಕುವ ಹೆಚ್ಚಿನ ಬಡ್ಡಿ." ಆ ಅರ್ಥವನ್ನೂ ಪತ್ರದ ಬಡ್ಡಿ ಕಲಮು ನೋಡಿಯೇ ಬರೆಯಬೇಕು.

ಇನ್ನೊಂದು: ಒಂದು ವಸ್ತುವಿಗೆ ಕೊನೆಯವರೆಗೂ ಒಂದೇ ಹೆಸರು. ಒಮ್ಮೆ ಬಾಕಿ, ಒಮ್ಮೆ ಸಾಲ, ಒಮ್ಮೆ ಮೊತ್ತ ಎಂದು ಬದಲಿಸಿದರೆ ಓದುವವರು ಮೂರು ಬೇರೆ ಬೇರೆ ಹಣ ಎಂದುಕೊಳ್ಳುತ್ತಾರೆ. ಪ್ರಬಂಧದಲ್ಲಿ ಅಂಕ ತಂದುಕೊಟ್ಟ ಅಭ್ಯಾಸ ಇಲ್ಲಿ ಶತ್ರು.

ಚರಾಸ್ತಿ ಅಂದ್ರೆ ಯಾರಿಗೆ ಗೊತ್ತು? ಚಿನ್ನ, ಬೈಕು ಅಂತ ಬರೆದ್ರೆ ತಪ್ಪಾ?

ನಾನೂ ಹಾಗೇ ಬರೆದಿದ್ದೆ. ಶುರುವಿನ ದಿನಗಳಲ್ಲಿ ಒಬ್ಬರಿಗೆ "ಚಿನ್ನ, ಗಾಡಿಯಂಥ ಆಸ್ತಿಯಿಂದಲೂ ವಸೂಲು ಮಾಡಬಹುದು" ಎಂದು ಬರೆದುಕೊಟ್ಟೆ. ಮಾರನೇ ದಿನ ಆ ಹೆಂಗಸು ಕುತ್ತಿಗೆಗೆ ಕೈ ಒತ್ತಿಕೊಂಡು ಬಂದರು. "ಅಕ್ಕಾ, ಕರಿಮಣಿಯನ್ನೂ ತೆಗೊಂಡು ಹೋಗ್ತಾರಾ?" ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ.

ಪತ್ರದಲ್ಲಿ ಚಿನ್ನದ ಮಾತೇ ಇರಲಿಲ್ಲ. ಅದನ್ನು ತಂದವಳು ನಾನು. ಮೇಲಾಗಿ ನಾನು ತಂದದ್ದು ಪೂರ್ತಿ ಸರಿಯೂ ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಕೋರ್ಟಿನ ಜಪ್ತಿಗೆ ಸಿಗದ ವಸ್ತುಗಳ ಪಟ್ಟಿ ಇದೆ. ಧರ್ಮದ ಆಚಾರದಂತೆ ಹೆಣ್ಣುಮಕ್ಕಳು ಮೈಯಿಂದ ತೆಗೆಯಬಾರದ ಆಭರಣ ಅದರಲ್ಲಿ ಸೇರಿದೆ. ಸುಲಭವಾಗಲಿ ಎಂದು ಕೊಟ್ಟ ಒಂದು ಉದಾಹರಣೆ, ಪತ್ರ ಹೇಳದ್ದನ್ನು ಹೇಳಿತು, ಕಾನೂನು ಒಪ್ಪದ್ದನ್ನೂ ಹೇಳಿತು.

ಅಂದಿನಿಂದ ನನ್ನ ಗೆರೆ ಇದು: ಪದಕ್ಕೆ ಅರ್ಥ ಕೊಡಬಹುದು, ಉದಾಹರಣೆ ಕೊಡಬಾರದು. ಅರ್ಥ ಪದದಷ್ಟೇ ಅಗಲ ಇರುತ್ತದೆ. ಉದಾಹರಣೆ ಅದರೊಳಗಿನ ಒಂದನ್ನು ಆರಿಸಿ ಎತ್ತಿ ತೋರಿಸುತ್ತದೆ, ಓದಿದವರ ಕಣ್ಣು ಅಲ್ಲೇ ನಿಲ್ಲುತ್ತದೆ. ಈಗ ಬರೆಯುವುದು: "ಸ್ಥಿರ ಆಸ್ತಿ ಎಂದರೆ ಜಾಗ ಮತ್ತು ಜಾಗಕ್ಕೆ ಅಂಟಿಕೊಂಡದ್ದು. ಚರ ಆಸ್ತಿ ಎಂದರೆ ಉಳಿದ ಆಸ್ತಿ." ಸ್ವಲ್ಪ ಒಣಗಿದ ವಾಕ್ಯ, ಒಪ್ಪುತ್ತೇನೆ. ನಿದ್ದೆ ಕೆಡಿಸಿದ್ದು ಮಾತ್ರ ಇಲ್ಲ.

ಶೇಕಡಾ ಲೆಕ್ಕ ತಲೆಗೆ ಹೋಗುದಿಲ್ಲ. ನೂರಕ್ಕೆ ತಿಂಗಳಿಗೆ ಇಷ್ಟು ಅಂತ ಮಾಡಿಕೊಡಿ.

ಊರಿನ ಲೆಕ್ಕ ಅದೇ, ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ. ಪತ್ರದಲ್ಲಿ ಇರುವುದು "ವಾರ್ಷಿಕ ಶೇ. 12". ಇದನ್ನು "100 ರೂಪಾಯಿಗೆ ಒಂದು ವರ್ಷಕ್ಕೆ 12 ರೂಪಾಯಿ ಬಡ್ಡಿ" ಎಂದು ಬರೆಯುತ್ತೇನೆ. ಅಲ್ಲಿಗೆ ನಿಲ್ಲುತ್ತೇನೆ. ಹನ್ನೆರಡನ್ನು ಹನ್ನೆರಡರಿಂದ ಭಾಗಿಸಿ "ತಿಂಗಳಿಗೆ 1 ರೂಪಾಯಿ" ಎನ್ನುವುದು ಸುಲಭ. ಆದರೆ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವ ಷರತ್ತು ಇನ್ನೊಂದು ಕಲಮಿನಲ್ಲಿದ್ದರೆ, ವರ್ಷದ ಕೊನೆಗೆ 12 ಅಲ್ಲ, ಸುಮಾರು 12 ರೂಪಾಯಿ 55 ಪೈಸೆ ಆಗುತ್ತದೆ. ಶೇಕಡಾ ಎಂಬ ಪದವನ್ನು ಬಿಡಿಸಿದರೆ ಅದು ಅರ್ಥ. ನಾನು ಲೆಕ್ಕ ಮಾಡಿ ಹೊಸ ಸಂಖ್ಯೆ ತಂದರೆ ಅದು ಸೇರಿಸಿದ್ದು. ಸಾಲ ಎರಡು ಲಕ್ಷವಾದರೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕೇಳಿದರೆ ಬೇರೆ ಚೀಟಿಯಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ, ಸಾರಾಂಶದ ಹಾಳೆಯಲ್ಲಿ ಅಲ್ಲ.

"ತಕ್ಕದ್ದು" ಅಂದ್ರೆ ಬೇಕು ಅಂತಲಾ, ಬಹುದು ಅಂತಲಾ?

ಬೇಕು. "ಮಾಡತಕ್ಕದ್ದು" ಎಂದರೆ ಮಾಡಲೇಬೇಕು. "ಮಾಡಬಹುದಾಗಿರುತ್ತದೆ" ಎಂದರೆ ಮಾಡಬಹುದು, ಬಿಡಲೂಬಹುದು. "ವಸೂಲು ಮಾಡಬಹುದು" ಇದ್ದಲ್ಲಿ "ವಸೂಲು ಮಾಡುತ್ತಾರೆ" ಎಂದು ಬರೆದರೆ ಸಂಘದ ಅಧಿಕಾರ ಬೆದರಿಕೆಯಾಗುತ್ತದೆ. ಚಿಕ್ಕ ವಾಕ್ಯ ಬರೆಯುವ ಭರದಲ್ಲಿ ಮೊದಲು ಉದುರುವುದು ಈ ಬಾಲಗಳೇ. ಬರೆದು ಮುಗಿಸಿದ ಮೇಲೆ ಬರೀ ಕ್ರಿಯಾಪದಗಳ ಬಾಲವನ್ನಷ್ಟೇ ಮೂಲದೊಂದಿಗೆ ಒಮ್ಮೆ ಹೋಲಿಸಿ ನೋಡಿ.

## ಕಷ್ಟದವು

ಇದರಲ್ಲಿ ಅಪಾಯ ಉಂಟು ಅಂತ ನಿಮಗೆ ಗೊತ್ತು. ಒಂದು ಸಾಲು ಎಚ್ಚರಿಕೆ ಬರೆದ್ರೆ ಗಂಟು ಹೋಗ್ತದಾ?

ಬಹಳ ಜನ ಕೇಳಿದ ಪ್ರಶ್ನೆ, ಕೆಲವರು ಸಿಟ್ಟಿನಿಂದಲೇ ಕೇಳಿದ್ದು. ಎಚ್ಚರಿಕೆಯನ್ನು ಬಾಯಲ್ಲಿ ಹೇಳುತ್ತೇನೆ, "ಇದು ನನ್ನ ಮಾತು, ಪತ್ರದ್ದಲ್ಲ" ಎಂದು ಮೊದಲೇ ಹೇಳಿ. ಹಾಳೆಯಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಸಂಘದ ಕೌಂಟರಿನಲ್ಲಿ "ಪತ್ರದಲ್ಲಿ ಅಪಾಯ ಅಂತ ಬರೆದಿದೆ" ಎನ್ನುತ್ತಾರೆ. ಅಲ್ಲಿಯವರು ಎಲ್ಲಿದೆ ತೋರಿಸಿ ಎನ್ನುತ್ತಾರೆ. ಅಲ್ಲಿಗೆ ಹಾಳೆಯ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಯಿತು.

ಕಾನೂನನ್ನು ಸೇರಿಸುವ ಆಸೆ ಇದಕ್ಕಿಂತ ಅಪಾಯದ್ದು, ಏಕೆಂದರೆ ಅದು ಉಪಕಾರದಂತೆ ಕಾಣುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 133ನೇ ಕಲಂ ನೋಡಿ. ಜಾಮೀನುದಾರರ ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಜಾಮೀನುದಾರರು ಹೊಣೆಯಲ್ಲ ಎನ್ನುತ್ತದೆ. ಇದನ್ನು ಓದಿದ ಹುರುಪಿನಲ್ಲಿ "ಷರತ್ತು ಬದಲಿಸಿದರೆ ಜಾಮೀನು ನಿಂತವರು ಬಿಡುಗಡೆ" ಎಂದು ಒಂದು ಸಾಲು ಬರೆದುಬಿಡಬಹುದು. ಆದರೆ ಎಷ್ಟೋ ಜಾಮೀನು ಪತ್ರಗಳ ಹಿಂದಿನ ಪುಟದಲ್ಲಿ ಇಂಥ ಮಾತಿರುತ್ತದೆ: "ಸಾಲದ ವಾಯಿದೆ ಅಥವಾ ಷರತ್ತುಗಳಲ್ಲಿ ಸಂಘವು ಮಾಡುವ ಯಾವುದೇ ಬದಲಾವಣೆಗೆ ನಮ್ಮ ಒಪ್ಪಿಗೆ ಇರುವುದಾಗಿ ಮುಂಚಿತವಾಗಿಯೇ ತಿಳಿಸಿರುತ್ತೇವೆ." ಒಪ್ಪಿಗೆ ಆಗಲೇ ಕೊಟ್ಟಾಯಿತು. "ಒಪ್ಪಿಗೆ ಇಲ್ಲದೆ" ಎಂಬ ಕಾಯ್ದೆಯ ಮಾತಿಗೆ ಇನ್ನು ಎಡೆ ಎಲ್ಲಿ? ನಾನು ಬರೆದ ಸಾಲನ್ನು ನಂಬಿ ಸಹಿ ಹಾಕಿದವರ ಗತಿ ಏನು?

ಅದರ ಬದಲು ಆ ಕಲಮನ್ನೇ ಸರಿಯಾಗಿ ಬರೆದರೆ ಆಯಿತು: "ಸಂಘ ಮುಂದೆ ಸಾಲದ ವಾಯಿದೆ ಬದಲಿಸಿದರೆ ಜಾಮೀನು ನಿಂತವರ ಒಪ್ಪಿಗೆ ಇದೆ. ಷರತ್ತು ಬದಲಿಸಿದರೂ ಒಪ್ಪಿಗೆ ಇದೆ. ಈ ಒಪ್ಪಿಗೆಯನ್ನು ಈಗಲೇ ಕೊಡುತ್ತಾರೆ." ಮೂರನೇ ಸಾಲು ಓದಿದಾಗ ತಲೆ ಎತ್ತಿ ನೋಡದವರು ಕಡಿಮೆ. ಎಚ್ಚರಿಕೆ ಅಂತ ಬೇರೆ ಬೇಕಾಗುವುದಿಲ್ಲ.

ಮೂಲದಲ್ಲೇ ಸರಿ ಬರೀಲಿಲ್ಲ ಅಂದ್ರೆ ನೀವು ಎಂತ ಮಾಡ್ತೀರಿ?

ಆ ಮಬ್ಬನ್ನು ಹಾಗೇ ತೋರಿಸುತ್ತೇನೆ. "ಇತರ ಖರ್ಚುವೆಚ್ಚ" ಎಂದರೆ ನೋಟೀಸಿನ ಖರ್ಚೇ, ವಕೀಲರ ಫೀಸೇ? ಪತ್ರ ಹೇಳುವುದಿಲ್ಲ. ನನಗೆ ಊಹೆ ಇದೆ, ಆದರೆ ಊಹೆಯನ್ನು ಬರೆಯುವಂತಿಲ್ಲ. "ಇತರ ಖರ್ಚು ಯಾವುದು ಎಂದು ಪತ್ರದಲ್ಲಿ ಬರೆದಿಲ್ಲ" ಎಂದು ಬರೆಯುತ್ತೇನೆ. ಇದು ಸೇರಿಸಿದ್ದಲ್ಲವೇ ಎಂದು ತಕರಾರು ಮಾಡಿದವರಿದ್ದಾರೆ. ಪತ್ರದಲ್ಲಿ ಇಲ್ಲ ಎಂಬುದು ಪತ್ರವನ್ನು ನೋಡಿ ಯಾರಾದರೂ ಪರೀಕ್ಷಿಸಬಹುದಾದ ಮಾತು, ಹಾಗಾಗಿ ನನ್ನ ಲೆಕ್ಕದಲ್ಲಿ ನಡೆಯುತ್ತದೆ. ಹಾಗೆ ಬರೆಯುವ ಮೊದಲು ಅನುಬಂಧ, ಹಿಂಬದಿಯ ಸಣ್ಣ ಅಕ್ಷರ ಎಲ್ಲವನ್ನೂ ನೋಡಿರಬೇಕು.

ಅಚ್ಚಾದ ಫಾರಂಗಳಲ್ಲಿ ಮೊತ್ತದ ಜಾಗ, ತಾರೀಕಿನ ಜಾಗ ಖಾಲಿ ಬಿಟ್ಟಿರುವುದುಂಟು. ಆಗ "ಸಾಲದ ಮೊತ್ತದ ಜಾಗ ಖಾಲಿ ಇದೆ" ಎಂದೇ ಬರೆಯಿರಿ. ಸಾಲ ಎಷ್ಟೆಂದು ಬಂದವರು ಬಾಯಲ್ಲಿ ಹೇಳಿದರೂ ಅದನ್ನು ತುಂಬಬೇಡಿ.

ಬಿಟ್ಟದ್ದು ಎಷ್ಟು, ಮುಖ್ಯದ್ದೇ ಬಿಟ್ಟು ಹೋದ್ರೆ ಎಂತ ಮಾರಾಯ್ರೆ?

ಸೇರಿಸುವುದಕ್ಕೆ ಹೆದರಿದಷ್ಟು ಬಿಡುವುದಕ್ಕೂ ಹೆದರಬೇಕು. ಬಿಡುವುದೂ ಸುಳ್ಳು ಹೇಳಬಲ್ಲದು. "ಸಂಘ ಜಾಮೀನು ನಿಂತವರಿಂದ ವಸೂಲು ಮಾಡಬಹುದು" ಎಂದು ಬರೆದು, ಅದಕ್ಕೆ ಮೊದಲು ಲಿಖಿತ ನೋಟೀಸು ಕೊಡಬೇಕೆಂಬ ಕಲಮನ್ನು ಬಿಟ್ಟರೆ ಪ್ರತಿ ಪದ ನಿಜ, ಒಟ್ಟು ಚಿತ್ರ ತಪ್ಪು. ಸಂಖ್ಯೆ, ತಾರೀಕು, "ಆದರೆ", "ಹೊರತು", "ಮಾತ್ರ" ಇರುವ ಯಾವ ವಾಕ್ಯವನ್ನೂ ನಾನು ಬಿಡುವುದಿಲ್ಲ.

ಬಿಟ್ಟ ಕಲಮುಗಳ ನಂಬರುಗಳನ್ನು ಹಾಳೆಯ ಬುಡದಲ್ಲಿ ಗೆರೆ ಎಳೆದು ಬರೆಯುತ್ತೇನೆ: "ಇಲ್ಲಿ ಬರೆಯದ ಕಲಮು: 2, 9, 14. ಇವು ವಿಳಾಸ ಮತ್ತು ಮೇಲೆ ಹೇಳಿದ್ದೇ ಮಾತು." ಬೇಕಾದವರು ಮೂಲ ತೆರೆದು ನೋಡಲಿ.

ನೀವು ಬರೆದದ್ದು ಸರಿ ಅಂತ ಯಾರು ಹೇಳುದು?

ಎರಡು ಪರೀಕ್ಷೆ ಇದೆ. ಮೊದಲನೆಯದು ಮೇಜಿನ ಮೇಲೆ. ನನ್ನ ಪ್ರತಿ ಸಾಲಿನ ಮುಂದೆ ಅದು ಯಾವ ಕಲಮಿನಿಂದ ಬಂತೆಂದು ನಂಬರು ಬರೆಯುತ್ತೇನೆ. ನಂಬರು ಸಿಗದ ಸಾಲು ನನ್ನ ತಲೆಯಿಂದ ಬಂದದ್ದು, ಹೊಡೆದು ಹಾಕುತ್ತೇನೆ. ತಿಂಗಳಿಗೆ ಒಂದೆರಡಾದರೂ ಹೀಗೆ ಸಿಕ್ಕಿಬೀಳುತ್ತವೆ. ಹೆಚ್ಚಾಗಿ "ಆದ್ದರಿಂದ" ಎಂದು ಶುರುವಾಗುವ ಸಾಲುಗಳು. ಪತ್ರ ಕಾರಣ ಹೇಳಿರುವುದಿಲ್ಲ, ನಾನು ಎರಡು ವಾಕ್ಯದ ನಡುವೆ ಕಾರಣದ ಸೇತುವೆ ಕಟ್ಟಿರುತ್ತೇನೆ.

ಎರಡನೆಯದು ಓದುವವರ ಬಾಯಿಂದ. "ಅರ್ಥ ಆಯ್ತಾ?" ಎಂದು ಕೇಳಬೇಡಿ, ಆಯ್ತು ಎಂದೇ ಹೇಳುತ್ತಾರೆ. ಮರ್ಯಾದೆಯ ಪ್ರಶ್ನೆ. "ಸಾಲಗಾರರು ಊರು ಬಿಟ್ಟು ಹೋದ್ರು ಅಂತ ಇಟ್ಕೊಳ್ಳಿ, ಆಗ ನೀವು ಎಷ್ಟು ಕಟ್ಬೇಕಾಗ್ತದೆ?" ಎಂದು ಕೇಳಿ. ಉತ್ತರ ತುಳುವಿನಲ್ಲಿ ಬಂದರೂ ಸರಿ. ಮೇಲೆ ಕೊಟ್ಟ ಕಲಮನ್ನು ನಾನು ಮೊದಲು ಬರೆದಾಗ "ಇಬ್ಬರಿಂದಲೂ ವಸೂಲು ಮಾಡಬಹುದು" ಎಂದಷ್ಟೇ ಇತ್ತು. ಓದಿದವರು ತಕ್ಷಣ ಹೇಳಿದ ಉತ್ತರ: "ಅರ್ಧ ಅರ್ಧ." ಇಬ್ಬರು ಎಂದ ಕೂಡಲೇ ಪಾಲು ಮಾಡುವುದು ಸಹಜ. "ಒಬ್ಬರಿಂದಲೇ ಪೂರ್ತಿ" ಎಂಬ ಸಾಲು ಹುಟ್ಟಿದ್ದು ಆ ಉತ್ತರದಿಂದ. ತಪ್ಪು ಉತ್ತರ ಬಂದರೆ ಓದಿದವರನ್ನು ತಿದ್ದಬೇಡಿ, ಸಾಲನ್ನು ತಿದ್ದಿ.

ತುಳುವಿನಲ್ಲೇ ಬರೆದುಕೊಟ್ರೆ ಇನ್ನೂ ಸುಲಭ ಅಲ್ವಾ?

ಪ್ರಯತ್ನಿಸಿದೆ. ಕನ್ನಡ ಲಿಪಿಯಲ್ಲಿ ತುಳು ಬರೆದುಕೊಟ್ಟರೆ ಅವರು ಕನ್ನಡಕ್ಕಿಂತ ನಿಧಾನವಾಗಿ ಓದಿದರು. ಆಡುವುದು ತುಳುವಾದರೂ ಕಣ್ಣಿಗೆ ಅಭ್ಯಾಸ ಇರುವುದು ಬರೆದ ಕನ್ನಡ ಪದಗಳ ರೂಪ. ಹೇಳುವುದು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ, ಹಾಗೇ ನಡೆದಿದೆ.

ಈ ಹಾಳೆಗೆ ಸಹಿ ಹಾಕಿದ್ರೆ ಸಾಕಾ, ಇದಕ್ಕೆ ಕಾನೂನಲ್ಲಿ ಬೆಲೆ ಉಂಟಾ?

ಇಲ್ಲ. ಕಟ್ಟುವುದು, ಬಿಡುವುದು ಎಲ್ಲ ಮೂಲ ಪತ್ರದಂತೆ. ಅದಕ್ಕೇ ಹಾಳೆಯ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ಮೂರು ಸಾಲು ಇರುತ್ತದೆ: "ಇದು ಜಾಮೀನು ಪತ್ರ ಅಲ್ಲ. ಜಾಮೀನು ಪತ್ರವನ್ನು ಓದಲು ಸಹಾಯ. ಸಹಿ ಇಲ್ಲಿ ಹಾಕಬೇಡಿ." ಸಹಿಗೆ ಜಾಗ ಕಾಣದಂತೆ ಕೊನೆಯ ಸಾಲನ್ನು ಪುಟದ ಬುಡದವರೆಗೂ ತರುತ್ತೇನೆ. ಒಮ್ಮೆ ಬುಡದಲ್ಲಿ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಒಬ್ಬರು ಅಲ್ಲಿ ನೀಟಾಗಿ ಸಹಿ ಮಾಡಿ, ತಾರೀಕು ಹಾಕಿ, ಸಂಘಕ್ಕೆ ಕೊಟ್ಟು ಬಂದಿದ್ದರು.